ಹಡಗಿನ ಲೆಕ್ಕ: ನಾಟಿಕಲ್ ಮೈಲು ಅಂದ್ರೆ ಎಷ್ಟು ಕಿ.ಮೀ.? ನಾಟ್ ಅಂದ್ರೆ ಏನು?

ಮಂಗಳೂರು: ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ತರಕಾರಿ, ದಿನಸಿ, ಜಲ್ಲಿ ಹೊತ್ತು ಮಂಜಿಗಳು ಹೋಗುವುದು ಎಲ್ಲರಿಗೂ ಗೊತ್ತು. ಆದರೆ "ಸರಕು ಯಾವಾಗ ಮುಟ್ಟುತ್ತೆ?" ಅಂತ ಕೇಳಿದರೆ ಉತ್ತರ ಬರುವುದು ನಾಟಿಕಲ್ ಮೈಲು ಮತ್ತು ನಾಟ್ ಲೆಕ್ಕದಲ್ಲಿ. ಅದನ್ನು ನಮ್ಮ ಲೆಕ್ಕಕ್ಕೆ ತರುವುದು ಹೀಗೆ.

ಒಂದು ನಾಟಿಕಲ್ ಮೈಲು ಅಂದರೆ 1,852 ಮೀಟರ್, ಅಂದರೆ 1.852 ಕಿ.ಮೀ. ರಸ್ತೆಯ ಮೈಲಿ 1.609 ಕಿ.ಮೀ. ಮಾತ್ರ, ಎರಡೂ ಒಂದೇ ಅಲ್ಲ. ಗಂಟೆಗೆ ಒಂದು ನಾಟಿಕಲ್ ಮೈಲು ಸಾಗಿದರೆ ಅದು ಒಂದು ನಾಟ್ ವೇಗ. ಹಾಗಾಗಿ "ಗಂಟೆಗೆ 7 ನಾಟ್" ಅನ್ನುವುದು ತಪ್ಪು, "7 ನಾಟ್" ಅಂದರೆ ಸಾಕು.

ಈಗ ಲೆಕ್ಕ ಹಾಕೋಣ. ಮಂಗಳೂರಿನಿಂದ ಕವರತ್ತಿಗೆ ನೇರ ದೂರ ಸುಮಾರು 190 ನಾಟಿಕಲ್ ಮೈಲು. 190 × 1.852 = ಸುಮಾರು 352 ಕಿ.ಮೀ. ಮಂಜಿಯ ವೇಗ 7 ನಾಟ್ ಅಂತ ಇಟ್ಟುಕೊಳ್ಳಿ, ಅಂದರೆ ಗಂಟೆಗೆ ಸುಮಾರು 13 ಕಿ.ಮೀ. ಸಮಯ ತಿಳಿಯಲು ಕಿ.ಮೀ.ಗೆ ಬದಲಿಸುವ ಅಗತ್ಯವೇ ಇಲ್ಲ. ನಾಟಿಕಲ್ ಮೈಲನ್ನು ನಾಟ್‌ನಿಂದ ಭಾಗಿಸಿದರೆ ಆಯ್ತು: 190 ÷ 7 = 27.14 ಗಂಟೆ.

ಇಲ್ಲೇ ಹಲವರು ಎಡವುತ್ತಾರೆ. 27.14 ಅಂದರೆ 27 ಗಂಟೆ 14 ನಿಮಿಷ ಅಲ್ಲ. 0.14 ಅನ್ನು 60ರಿಂದ ಗುಣಿಸಿ, ಸುಮಾರು 8 ನಿಮಿಷ. ಇನ್ನೊಂದು ತಪ್ಪು, ಕಿ.ಮೀ.ಯನ್ನು ನಾಟ್‌ನಿಂದ ಭಾಗಿಸುವುದು. 352 ÷ 7 ಮಾಡಿದರೆ 50 ಗಂಟೆ ಬರುತ್ತೆ. ಉತ್ತರ ಹೆಚ್ಚುಕಡಿಮೆ ದುಪ್ಪಟ್ಟಾಗಿ ಕಂಡರೆ ಈ ತಪ್ಪೇ ಆಗಿದೆ ಅಂತ ತಿಳಿಯಿರಿ.

ಸೋಮವಾರ ಸಂಜೆ 5ಕ್ಕೆ ಹೊರಟ ಮಂಜಿ ಈ ಲೆಕ್ಕದಲ್ಲಿ ಮಂಗಳವಾರ ರಾತ್ರಿ 8ರ ಸುಮಾರಿಗೆ ಕವರತ್ತಿ ಹತ್ತಿರ ಇರಬೇಕು. ಆದರೆ ಕಡಲಲ್ಲಿ ನೀರೂ ಹರಿಯುತ್ತಿರುತ್ತದೆ. ಎದುರಿನಿಂದ 1 ನಾಟ್ ಸೆಳೆತ ಇದ್ದರೆ ಮಂಜಿಗೆ ಉಳಿಯುವುದು 6 ನಾಟ್ ಮಾತ್ರ. 190 ÷ 6 = 31 ಗಂಟೆ 40 ನಿಮಿಷ, ಅಂದರೆ ಮುಟ್ಟುವಾಗ ರಾತ್ರಿ 12.40. ಒಂದೇ ಒಂದು ನಾಟ್‌ಗೆ ನಾಲ್ಕೂವರೆ ಗಂಟೆ ತಡ! ಜಿಪಿಎಸ್ ತೋರಿಸುವುದು ಸೆಳೆತವೂ ಸೇರಿದ ನಿಜವಾದ ವೇಗ. ಹಾಗಾಗಿ ಮಂಜಿಯವರನ್ನು ಕೇಳುವಾಗ ಎಂಜಿನ್ ವೇಗ ಬಿಟ್ಟು ಜಿಪಿಎಸ್ ವೇಗ ಕೇಳಿ.

ದ್ವೀಪದ ಸುತ್ತ ಹವಳದ ದಿಬ್ಬ, ಒಳಹೋಗುವ ದಾರಿ ಇಕ್ಕಟ್ಟು. ಕತ್ತಲಲ್ಲಿ ಮುಟ್ಟಿದರೆ ಬೆಳಗಾಗುವ ತನಕ ಹೊರಗೇ ಕಾಯಬೇಕಾಗಬಹುದು. ಆದ್ದರಿಂದ ಟೊಮೆಟೊ, ಸೊಪ್ಪು ಕಳಿಸುವವರು 27 ಗಂಟೆ ಅಂತ ಬಂದರೂ ಎರಡು ರಾತ್ರಿ ತಡೆಯುವ ಹಾಗೆ ಪ್ಯಾಕ್ ಮಾಡುವುದು ಒಳ್ಳೆಯದು.