ಹಿಗ್ಗುವ ಕಾಗದ, ಹಿಗ್ಗದ ಕ್ಯಾಡ್

ಬಡಾವಣೆಯ ನಕ್ಷೆಯನ್ನು ಜಿಐಎಸ್‌ನಲ್ಲಿ ಅದರ ಜಾಗಕ್ಕೆ ಕೂರಿಸುವ ವಿದ್ಯೆ ಬೆಳೆದದ್ದು ಕಾಗದದ ಜೊತೆ ಗುದ್ದಾಡುತ್ತಾ. ಮಳೆಗಾಲದಲ್ಲಿ ಹಿಗ್ಗಿ ಬೇಸಿಗೆಯಲ್ಲಿ ಕುಗ್ಗುವ ಹಾಳೆಯನ್ನು ಡಿಜಿಟೈಸರ್ ಮೇಜಿನ ಮೇಲೆ ಹರಡಿಕೊಂಡವರಿಗೆ ಅಫೈನ್ ಲೆಕ್ಕ ಕೈಹಿಡಿಯಿತು. ಉದ್ದಕ್ಕೊಂದು ಅಳತೆ, ಅಗಲಕ್ಕೊಂದು ಅಳತೆ. ಬೇಕಾದರೆ ಮೂಲೆಯನ್ನೂ ಓರೆ ಮಾಡಿ ಅದು ಹಾಳೆಯ ಸೊಟ್ಟವನ್ನು ತೆಗೆಯುತ್ತಿತ್ತು.

1982ರಲ್ಲಿ ಆಟೋಕ್ಯಾಡ್ ಬಂತು. ಕ್ಯಾಡ್ ಗೆರೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಆದರೂ ಹಳೆಯ ಮದ್ದು ರೂಢಿಯಲ್ಲಿ ಉಳಿದು, ಈಗ ಅದೇ ಕಾಯಿಲೆಯಾಗಿದೆ. ಮೂರು ಬಿಂದು ಕೊಟ್ಟರೆ ಅಫೈನ್ ಯಾವಾಗಲೂ ‘ತಪ್ಪು ಸೊನ್ನೆ’ ಎನ್ನುತ್ತದೆ. ಒಂದು ಗಡಿಕಲ್ಲನ್ನು ತಪ್ಪಾಗಿ ಗುರುತಿಸಿದ್ದರೂ ಉತ್ತರ ಅದೇ. ಆಯತದ ಸೈಟುಗಳು ಮಾತ್ರ ಸದ್ದಿಲ್ಲದೆ ವಾಲಿರುತ್ತವೆ.

ಕ್ಯಾಡ್‌ಗೆ ಒಪ್ಪುವುದು ಜರ್ಮನಿಯ ಭೂಮಾಪಕ ಹೆಲ್ಮರ್ಟ್ ಹೆಸರಿನ ಲೆಕ್ಕ:

```
E = a*x - b*y + c
N = b*x + a*y + d
```

ಇಲ್ಲಿ ನಕ್ಷೆ ಸರಿಯಬಹುದು, ತಿರುಗಬಹುದು, ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗಬಹುದು, ಓರೆಯಾಗಲಾರದು. ಎಸ್ರಿ ತಂತ್ರಾಂಶದ ಎರಡು ಬಿಂದುಗಳ `.wld` ಕಡತ ಮಾಡುತ್ತಿದ್ದುದೂ ಇದನ್ನೇ. ಕ್ಯೂಜಿಐಎಸ್‌ನ `Georeferencer` ಮಾತ್ರ ಬಹುಕಾಲ ಚಿತ್ರಗಳಿಗೆ ಮೀಸಲಾಗಿತ್ತು. 2022ರ 3.26 ಆವೃತ್ತಿಯಿಂದ ಅದು ಗೆರೆನಕ್ಷೆಯನ್ನೂ ಸ್ವೀಕರಿಸುತ್ತದೆ; `Helmert` ಆರಿಸುವುದನ್ನು ಮರೆಯಬಾರದು.

ಬೆಂಗಳೂರಿನ ಒಂದು ಬಡಾವಣೆ ಎಂದಿಟ್ಟುಕೊಳ್ಳೋಣ. ನಕ್ಷೆ ಮಿಲಿಮೀಟರಿನಲ್ಲಿದೆ, ಬರೆದವರು ಮುಖ್ಯರಸ್ತೆ ಅಡ್ಡಕ್ಕೆ ಬರಲೆಂದು ಇಡೀ ನಕ್ಷೆಯನ್ನು ತಿರುಗಿಸಿದ್ದಾರೆ. ದೂರದ ನಾಲ್ಕು ಮೂಲೆಗಲ್ಲುಗಳನ್ನು ಡಿಜಿಪಿಎಸ್‌ನಿಂದ ಅಳೆದು `EPSG:32643`ರಲ್ಲಿ ಬರೆದುಕೊಂಡಿದ್ದೇವೆ. ಎರಡು ಕಲ್ಲುಗಳ ನಡುವೆ ನಕ್ಷೆಯಲ್ಲಿ 6,00,000 ಮಿ.ಮೀ. ಇದ್ದರೆ ಗ್ರಿಡ್ಡಿನಲ್ಲಿ 600.34 ಮೀಟರ್ ಬರುತ್ತದೆ. ಗಾಬರಿ ಬೇಡ. ವಲಯದ ಮಧ್ಯರೇಖೆ 75 ಡಿಗ್ರಿಯಲ್ಲಿದೆ. ಅಲ್ಲಿಂದ ಸುಮಾರು 280 ಕಿ.ಮೀ. ಪೂರ್ವಕ್ಕಿರುವ ಬೆಂಗಳೂರಿನಲ್ಲಿ ಗ್ರಿಡ್ ಕಿಲೋಮೀಟರಿಗೆ ಸುಮಾರು 57 ಸೆಂ.ಮೀ. ಹೆಚ್ಚು ತೋರಿಸುತ್ತದೆ. ಹಾಗಾಗಿ a, b ವರ್ಗಗಳ ಮೊತ್ತದ ವರ್ಗಮೂಲ 0.00100057ರ ಆಸುಪಾಸಿನಲ್ಲಿರಬೇಕು. 0.00102 ಬಂದರೆ ಯಾವುದೋ ಕಲ್ಲು ತಪ್ಪಿದೆ. 0.305 ಬಂದರೆ ನಕ್ಷೆ ಮಿಲಿಮೀಟರಿನಲ್ಲಿಲ್ಲ, ಅಡಿಯಲ್ಲಿದೆ.

ದಿಕ್ಕಿನಲ್ಲಿ ಎಡವುವುದು ಉತ್ತರದ ಬಾಣವನ್ನು ನಂಬಿದಾಗ. ಬೆಂಗಳೂರಿನಲ್ಲಿ ಗ್ರಿಡ್ಡಿನ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಸುಮಾರು 0.58 ಡಿಗ್ರಿ ಅಂತರ. ಬಾಣ ನಿಜವಾದ ಉತ್ತರವನ್ನೇ ತೋರಿಸುತ್ತಿದ್ದರೂ, ಅದನ್ನು ಗ್ರಿಡ್ಡಿಗೆ ನೆಟ್ಟಗೆ ಜೋಡಿಸಿದರೆ 600 ಮೀಟರ್ ಆಚೆಯ ಮೂಲೆ ಆರು ಮೀಟರ್ ಜಾರುತ್ತದೆ. ಅಷ್ಟರಲ್ಲಿ ಒಂದು ಒಳರಸ್ತೆಯೇ ಪಕ್ಕದ ಸೈಟುಗಳ ಮೇಲೆ ಹೋಗಿಬಿಟ್ಟಿರುತ್ತದೆ! ತಿರುಗಿಸುವ ಕೋನ ಕಲ್ಲುಗಳಿಂದಲೇ ಬರಲಿ.

ಲೆಕ್ಕಕ್ಕೆ ಸೇರಿಸದೆ ಐದನೆಯ ಕಲ್ಲೊಂದನ್ನು ಉಳಿಸಿಕೊಂಡು, ಅದು ನಕ್ಷೆಯಲ್ಲಿ ಎಲ್ಲಿ ಬೀಳುತ್ತದೆ ಎಂದು ನೋಡಬೇಕು. ಇಷ್ಟಾದ ಮೇಲೂ 30×40ರ ಸೈಟು ಗ್ರಿಡ್ಡಿನಲ್ಲಿ 1200ರ ಬದಲು ಸುಮಾರು 1201.4 ಚದರಡಿ ತೋರಿಸುತ್ತದೆ. ಅದನ್ನು ‘ಸರಿಪಡಿಸಲು’ ನಕ್ಷೆಯನ್ನು ಕುಗ್ಗಿಸಿದರೆ ಕಲ್ಲುಗಳು ತಪ್ಪುತ್ತವೆ. ವಿಸ್ತೀರ್ಣವನ್ನು ಎಲಿಪ್ಸಾಯ್ಡ್ ಮೇಲೆ ಅಳೆಯಲು ಹೇಳಿದರೆ ಸಾಕು.