ಕತ್ತಲಲ್ಲಿ ಹೊಳೆಯುವ ಮುಳ್ಳು: ಎರಡು ಬಣ್ಣಗಳು, ಎರಡು ಬಗೆಯ ಮಂಕು

ಕೈಗಡಿಯಾರದ ಮುಳ್ಳಿನ ಮೇಲೆ ಬಳಿದ ಹಸಿರು ಬಣ್ಣ ದೀಪ ಆರಿಸಿದ ಕೂಡಲೇ ಥಳಥಳಿಸುತ್ತದೆ, ಬೆಳಗಿನ ಜಾವದ ಹೊತ್ತಿಗೆ ಕಂಡೂ ಕಾಣದಂತಾಗಿರುತ್ತದೆ. ನೂರು ವರ್ಷಗಳ ಹಿಂದಿನ ಗಡಿಯಾರಗಳು ಹೀಗಿರಲಿಲ್ಲ. ಅವು ಸಂಜೆ ಹೇಗೆ ಹೊಳೆಯುತ್ತಿದ್ದವೋ ಬೆಳಗಿನ ಜಾವಕ್ಕೂ ಹಾಗೆಯೇ ಹೊಳೆಯುತ್ತಿದ್ದವು. ಆದರೆ ಕೆಲವು ವರ್ಷಗಳಲ್ಲಿ ಶಾಶ್ವತವಾಗಿ ಕಪ್ಪಾಗುತ್ತಿದ್ದವು. ಹಳೆಯ ಬಣ್ಣ ವರ್ಷಗಳಲ್ಲಿ ಸಾಯುತ್ತಿತ್ತು. ಇಂದಿನದು ರಾತ್ರಿ ಸೋತು ಹಗಲಲ್ಲಿ ಮತ್ತೆ ಚೇತರಿಸಿಕೊಳ್ಳುತ್ತದೆ. ಈ ಎರಡು ಬಗೆಯ ಮಂಕಿನ ನಡುವೆ ಒಂದು ಶತಮಾನದ ಇತಿಹಾಸವಿದೆ.

ಬೆಳಕನ್ನು ಹಿಡಿದಿಟ್ಟುಕೊಂಡು ಆಮೇಲೆ ಬಿಡುವ ವಸ್ತುವಿನ ಕಥೆ ಗಡಿಯಾರಕ್ಕಿಂತ ಬಹಳ ಹಳೆಯದು. 17ನೇ ಶತಮಾನದ ಆರಂಭದಲ್ಲಿ ಇಟಲಿಯ ಬೊಲೋನ್ಯಾ ನಗರದ ಚಮ್ಮಾರ ವಿಂಚೆನ್ಸೊ ಕಾಸ್ಚರೋಲೊ, ಹತ್ತಿರದ ಬೆಟ್ಟದಲ್ಲಿ ಸಿಕ್ಕ ಭಾರವಾದ ಕಲ್ಲನ್ನು ಇದ್ದಿಲಿನ ಜೊತೆ ಸುಟ್ಟ. ಚಿನ್ನ ಸಿಗಲಿಲ್ಲ. ಬಿಸಿಲಿಗೆ ಇಟ್ಟು ಕತ್ತಲೆಗೆ ತಂದರೆ ಸ್ವಲ್ಪ ಹೊತ್ತು ಕೆಂಡದಂತೆ ಹೊಳೆಯುವ ಕಲ್ಲು ಸಿಕ್ಕಿತು. ಇಂಥ ವಸ್ತುಗಳಿಗೆ 'ಫಾಸ್ಫರಸ್' ಎಂಬ ಹೆಸರು ಬಂತು. ಗ್ರೀಕ್ ಭಾಷೆಯಲ್ಲಿ ಹಾಗೆಂದರೆ ಬೆಳಕನ್ನು ಹೊತ್ತದ್ದು. ನಾವು ರಂಜಕ ಎನ್ನುವ ಮೂಲವಸ್ತು ಪತ್ತೆಯಾದದ್ದು 1669ರಲ್ಲಿ, ಅದಕ್ಕೆ ಈ ಹೆಸರು ಅಂಟಿದ್ದು ಆಮೇಲೆ. ಆದ್ದರಿಂದ ಗಡಿಯಾರದ ಬಣ್ಣವನ್ನು 'ಫಾಸ್ಫರ್' ಎಂದು ಕರೆದರೂ ಅದು ರಂಜಕದ ಹೊಳಪಲ್ಲ.

20ನೇ ಶತಮಾನದ ಮೊದಲಲ್ಲಿ ತಯಾರಾದ ಗಡಿಯಾರದ ಬಣ್ಣದಲ್ಲಿ ಇದ್ದದ್ದು ಝಿಂಕ್ ಸಲ್ಫೈಡ್ ಹರಳಿನ ಪುಡಿ ಮತ್ತು ಅದಕ್ಕೆ ಬೆರೆಸಿದ ಅತ್ಯಲ್ಪ ರೇಡಿಯಂ. ಹೊಳೆಯುತ್ತಿದ್ದುದು ರೇಡಿಯಂ ಅಲ್ಲ, ಝಿಂಕ್ ಸಲ್ಫೈಡ್. ರೇಡಿಯಂನಿಂದ ಸಿಡಿಯುವ ಆಲ್ಫಾ ಕಣ ಹರಳಿಗೆ ಬಡಿದಾಗಲೆಲ್ಲ ಒಂದು ಕಿಡಿ. ಭೂತಗನ್ನಡಿಯಲ್ಲಿ ನೋಡಿದರೆ ಈ ಕಿಡಿಗಳು ಬೇರೆಬೇರೆಯಾಗಿ ಮಿನುಗುವುದು ಕಾಣುತ್ತದೆ. ದೂರದಿಂದ ಎಲ್ಲ ಸೇರಿ ಒಂದೇ ಹೊಳಪು. ಬಿಸಿಲಿನ ಹಂಗಿಲ್ಲದ್ದರಿಂದಲೇ ಮೊದಲ ಮಹಾಯುದ್ಧದ ಕಂದಕಗಳಲ್ಲಿದ್ದ ಸೈನಿಕರಿಗೆ ಅದು ಬೇಕಾಯಿತು.

ಇದಕ್ಕೆ ತೆತ್ತ ಬೆಲೆಯ ಕಥೆ ಹೆಚ್ಚಿನವರಿಗೆ ಗೊತ್ತು. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಎಂಬ ಊರಿನಲ್ಲಿ ಯು.ಎಸ್. ರೇಡಿಯಂ ಕಾರ್ಪೊರೇಷನ್‌ನ ಕಾರ್ಖಾನೆಯ ಹುಡುಗಿಯರು ಅಂಕಿಗಳನ್ನು ಬರೆಯಲು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಹಾಗೆ ಮಾಡಿದಾಗಲೆಲ್ಲ ಸ್ವಲ್ಪ ರೇಡಿಯಂ ಹೊಟ್ಟೆಗೆ ಹೋಗುತ್ತಿತ್ತು. ದೇಹ ಅದನ್ನು ಕ್ಯಾಲ್ಸಿಯಂ ಎಂದು ತಿಳಿದು ಮೂಳೆಯಲ್ಲಿ ಇಟ್ಟುಕೊಂಡಿತು. ದವಡೆಗಳು ಕೊಳೆತವು. ಗ್ರೇಸ್ ಫ್ರೈಯರ್ ಮತ್ತು ನಾಲ್ವರು ಸಂಗಾತಿಗಳು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು.

ವಿಪರ್ಯಾಸವೆಂದರೆ, ಅಷ್ಟು ಬೆಲೆ ತೆತ್ತ ಆ ಹೊಳಪು ಬಾಳಲಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ನೂರು ವರ್ಷ ಕಳೆದರೂ ಅದರ ಶೇಕಡಾ 95ಕ್ಕೂ ಹೆಚ್ಚು ಭಾಗ ಹಾಗೆಯೇ ಉಳಿದಿರುತ್ತದೆ. ಆದರೆ ಬಡಿಯುತ್ತಲೇ ಇದ್ದ ಆಲ್ಫಾ ಕಣಗಳು ಝಿಂಕ್ ಸಲ್ಫೈಡ್ ಹರಳಿನ ಜೋಡಣೆಯನ್ನೇ ಕೆಡಿಸಿದವು. ಬಡಿಯುವ ಕೈ ದಣಿಯಲಿಲ್ಲ, ಗಂಟೆಯೇ ಒಡೆಯಿತು. ಹಾಗಾಗಿ ಅಜ್ಜನ ಕಾಲದ ರೇಡಿಯಂ ಗಡಿಯಾರ ಹೊಳೆಯುತ್ತಿಲ್ಲವೆಂದು ಅಪಾಯ ಕಳೆದಿದೆ ಎಂದುಕೊಳ್ಳಬಾರದು. ಅದರ ಗಾಜು ತೆಗೆದು ಬಣ್ಣವನ್ನು ಕೆರೆಯಲೇಬಾರದು.

ಆಮೇಲೆ ಟ್ರಿಟಿಯಂ ಬಂತು. ಅದರ ಬೀಟಾ ಕಣಗಳು ಎಷ್ಟು ದುರ್ಬಲವೆಂದರೆ ಗಡಿಯಾರದ ಗಾಜನ್ನೂ ದಾಟಲಾರವು. ಆದರೆ ಅದು ಸುಮಾರು 12 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. 25 ವರ್ಷಕ್ಕೆ ಉಳಿಯುವುದು ಕಾಲು ಭಾಗ. ಆ ಕಾಲದ ಸ್ವಿಸ್ ಗಡಿಯಾರಗಳ ಮುಖದ ಕೆಳಭಾಗದಲ್ಲಿ ಸಣ್ಣದಾಗಿ ಕಾಣುವ 'ಟಿ' ಅಕ್ಷರ ಟ್ರಿಟಿಯಂನ ಗುರುತು.

ಈ ಹಾದಿ ತಿರುಗಿದ್ದು ಜಪಾನಿನಲ್ಲಿ. 1941ರಲ್ಲಿ ಆರಂಭವಾದ ನೆಮೊಟೊ ಕಂಪನಿ ಹೊಳೆಯುವ ಬಣ್ಣವನ್ನೇ ಕಸುಬು ಮಾಡಿಕೊಂಡಿತ್ತು. ವಿಕಿರಣದ ವಸ್ತುವಿಲ್ಲದೆ ಬರೀ ಬೆಳಕು ಕುಡಿದು ರಾತ್ರಿಯಿಡೀ ಹೊಳೆಯುವ ಬಣ್ಣ ಅದಕ್ಕೆ ಬೇಕಿತ್ತು. ತಾಮ್ರ ಬೆರೆಸಿದ ಝಿಂಕ್ ಸಲ್ಫೈಡ್ ಬೆಳಕು ಕುಡಿಯುತ್ತಿತ್ತಾದರೂ ರಾತ್ರಿಯಿಡೀ ಬಾಳುತ್ತಿರಲಿಲ್ಲ. ಯುರೋಪಿಯಂ ಬೆರೆಸಿದ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಹಸಿರು ಬೆಳಕು ಕೊಡುತ್ತದೆಂಬುದು 1960ರ ದಶಕದಿಂದಲೇ ಗೊತ್ತಿತ್ತು. ನೆಮೊಟೊದ ಸಂಶೋಧಕರು ಅದಕ್ಕೆ ಚಿಟಿಕೆಯಷ್ಟು ಡಿಸ್ಪ್ರೋಸಿಯಂ ಸೇರಿಸಿದರು. ಹೊಳಪೂ ಬಾಳಿಕೆಯೂ ಹಳೆಯ ಝಿಂಕ್ ಸಲ್ಫೈಡಿಗಿಂತ ಸುಮಾರು ಹತ್ತು ಪಟ್ಟಾದವು. 1993ರಲ್ಲಿ ಹೊರಬಂದ ಈ ಬಣ್ಣಕ್ಕೆ ಲ್ಯೂಮಿನೋವಾ ಎಂದು ಹೆಸರಾಯಿತು. ಕೆಲವೇ ವರ್ಷಗಳಲ್ಲಿ ಸ್ವಿಸ್ ಕಂಪನಿಗಳೂ ಟ್ರಿಟಿಯಂ ಬಿಟ್ಟು ಇದರತ್ತ ತಿರುಗಿದವು.

ಆ ಚಿಟಿಕೆ ಮಾಡುವ ಕೆಲಸವೇನು? ಬೆಳಕು, ಅದರಲ್ಲೂ ನೀಲಿ ಮತ್ತು ನೇರಳಾತೀತ ಬೆಳಕು, ಯುರೋಪಿಯಂನ ಎಲೆಕ್ಟ್ರಾನನ್ನು ಮೇಲಕ್ಕೆ ಎಬ್ಬಿಸುತ್ತದೆ. ಅದು ಕೂಡಲೇ ಕೆಳಕ್ಕೆ ಬಿದ್ದರೆ ಹಸಿರು ಬೆಳಕು ಆ ಕ್ಷಣಕ್ಕೇ ಮುಗಿಯುತ್ತದೆ. ಆದರೆ ಹರಳಿನಲ್ಲಿ ಸಣ್ಣಸಣ್ಣ ಗುಂಡಿಗಳಿದ್ದರೆ ಕೆಲವು ಎಲೆಕ್ಟ್ರಾನುಗಳು ಅವುಗಳಲ್ಲಿ ಸಿಕ್ಕಿಬೀಳುತ್ತವೆ. ಡಿಸ್ಪ್ರೋಸಿಯಂ ಒದಗಿಸುವುದು ಇಂಥ ಗುಂಡಿಗಳನ್ನು. ಅವುಗಳ ಆಳ ಹದವಾಗಿರಬೇಕು. ತೀರಾ ಮೇಲಿದ್ದರೆ ಕ್ಷಣದಲ್ಲಿ ಬರಿದಾಗುತ್ತವೆ, ತೀರಾ ಆಳವಿದ್ದರೆ ಎಲೆಕ್ಟ್ರಾನು ಹೊರಬರುವುದೇ ಇಲ್ಲ. ಹದವಾದ ಗುಂಡಿಯಿಂದ ಅದನ್ನು ಎತ್ತಲು ಕೋಣೆಯ ಮಾಮೂಲಿ ಶಾಖದ ಅಲುಗಾಟವೇ ಸಾಕು. ಎದ್ದ ಎಲೆಕ್ಟ್ರಾನು ಯುರೋಪಿಯಂಗೆ ಮರಳಿದಾಗ ಒಂದಿಷ್ಟು ಹಸಿರು ಬೆಳಕು ಹೊಮ್ಮುತ್ತದೆ. ಅಂದರೆ ರಾತ್ರಿಯ ಹೊಳಪಿಗೆ ಬಾಗಿಲು ತೆರೆಯುವುದು ಶಾಖ. ಗಡಿಯಾರವನ್ನು ತುಂಬ ತಂಪಾದ ಕಡೆ ಇಟ್ಟರೆ ಹೊಳಪು ಕುಗ್ಗುತ್ತದೆ, ಆದರೆ ಹೆಚ್ಚು ಹೊತ್ತು ಉಳಿಯುತ್ತದೆ. ಬಿಸಿ ಮಾಡಿದರೆ ಜೋರಾಗಿ ಹೊಳೆದು ಬೇಗ ಬರಿದಾಗುತ್ತದೆ.

ಎಲ್ಲ ಗುಂಡಿಗಳೂ ಒಂದೇ ಆಳದವಲ್ಲ. ಮೇಲಿನವು ಮೊದಲು ಬರಿದಾಗುತ್ತವೆ, ಆಳದವು ನಿಧಾನವಾಗಿ. ಆದ್ದರಿಂದ ಮಂಕಾಗುವ ವೇಗವೂ ಬದಲಾಗುತ್ತದೆ. ಅಂದಾಜಿಗೆ, ಹೊಳಪು ಕಳೆದ ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆ ಎನ್ನಬಹುದು. ರಾತ್ರಿ ಒಂಬತ್ತಕ್ಕೆ ದೀಪ ಆರಿಸಿದಿರಿ ಎನ್ನಿ. ಒಂಬತ್ತು ಗಂಟೆ ಐದು ನಿಮಿಷಕ್ಕೆ ಇದ್ದ ಹೊಳಪು ಹತ್ತು ಗಂಟೆಗೆ ಹನ್ನೆರಡನೇ ಒಂದು ಭಾಗಕ್ಕೆ ಬಂದಿರುತ್ತದೆ. ಬೆಳಗಿನ ಐದಕ್ಕೆ ಸುಮಾರು ನೂರನೇ ಒಂದು ಭಾಗ. ಆದರೆ ನಾಲ್ಕರಿಂದ ಐದರವರೆಗಿನ ಇಳಿಕೆ ಎಂಟರಲ್ಲಿ ಒಂದು ಪಾಲು ಮಾತ್ರ. ಸಂಜೆ ಧಾರಾಳವಾಗಿ ಖರ್ಚು ಮಾಡಿ, ಬೆಳಗಾಗುತ್ತ ಬಿಗಿಹಿಡಿತಕ್ಕೆ ಬರುವ ಜಮಾಖರ್ಚು ಇದು. ಆ ನೂರನೇ ಒಂದು ಭಾಗವೂ ಕಾಣುವುದು ಕಣ್ಣಿನ ಉಪಕಾರದಿಂದ. ಅರ್ಧ ಗಂಟೆ ಕತ್ತಲಲ್ಲಿದ್ದ ಕಣ್ಣು ಬಹಳ ಸೂಕ್ಷ್ಮವಾಗಿರುತ್ತದೆ. ನಡುವೆ ಫೋನಿನ ಪರದೆ ನೋಡಿ ಗಡಿಯಾರದತ್ತ ತಿರುಗಿದರೆ ಮುಳ್ಳು ಸತ್ತಂತೆ ಕಾಣುತ್ತದೆ. ಸೋತದ್ದು ಬಣ್ಣವಲ್ಲ, ಕಣ್ಣು.

ಹಳೆಯ ಗಡಿಯಾರ ಕೊಳ್ಳುವವರಿಗೆ ಈ ಇತಿಹಾಸ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಟಾರ್ಚಿನ ಬೆಳಕನ್ನು ಅರ್ಧ ನಿಮಿಷ ಮುಖಕ್ಕೆ ಹಿಡಿದು ಕತ್ತಲಿಗೆ ಒಯ್ಯಿರಿ. ಏನೂ ಹೊಳೆಯದಿದ್ದರೆ, ಅಥವಾ ಸ್ವಲ್ಪವೇ ಹೊಳೆದು ಬೇಗ ಆರಿದರೆ, ಅದು ದಣಿದ ಹಳೆಯ ಝಿಂಕ್ ಸಲ್ಫೈಡ್ ಇರಬಹುದು. 1960ರ ದಶಕದ್ದೆಂದು ಮಾರುವ ಗಡಿಯಾರ ಗಂಟೆಗಟ್ಟಲೆ ಹಸಿರಾಗಿ ಬೆಳಗುತ್ತಿದ್ದರೆ, ಆ ಬಣ್ಣ 1993ಕ್ಕಿಂತ ಮೊದಲಿನದಲ್ಲ. ಯಾರೋ ಆಮೇಲೆ ಬಳಿದಿದ್ದಾರೆ. ಮುಳ್ಳು ಹೊಳೆದು ಅಂಕಿಗಳು ಹೊಳೆಯದಿದ್ದರೆ, ಮುಳ್ಳನ್ನು ಮಾತ್ರ ಬದಲಿಸಿರುವ ಸಾಧ್ಯತೆ ಹೆಚ್ಚು.

ಹೊಸ ಬಣ್ಣಕ್ಕೂ ಒಂದು ಶತ್ರುವಿದೆ: ತೇವ. ನೀರು ತಾಗಿದರೆ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಒಡೆದು ಹೊಳೆಯುವ ಗುಣವನ್ನೇ ಕಳೆದುಕೊಳ್ಳುತ್ತದೆ. ಗಾಜಿನ ಒಳಗೆ ಹಬೆ ಕಾಣಿಸಿದರೆ ಯಂತ್ರದ ತುಕ್ಕಿನ ಜೊತೆಗೆ ಬಣ್ಣದ ಬಗ್ಗೆಯೂ ಯೋಚಿಸಿ, ಬೇಗ ರಿಪೇರಿಗೆ ಕೊಡುವುದು ಒಳ್ಳೆಯದು. ತೇವದಿಂದ ಕಾಪಾಡಿಕೊಂಡರೆ ಬೆಳಕು ಕುಡಿಯುವುದರಿಂದಾಗಲಿ ಬಿಡುವುದರಿಂದಾಗಲಿ ಹರಳು ಸವೆಯುವುದಿಲ್ಲ. ರೇಡಿಯಂ ತನ್ನ ಹರಳನ್ನೇ ಒಡೆಯುತ್ತ ಹೊಳೆಸುತ್ತಿತ್ತು. ಇದು ಪ್ರತಿ ರಾತ್ರಿ ಬರಿದಾಗುತ್ತದೆ, ಮತ್ತೆ ತುಂಬಲು ಕಿಟಕಿಯ ಬಳಿ ಕೆಲವು ನಿಮಿಷ ಇಟ್ಟರೆ ಸಾಕು.