ಲಾವಂಚದ ತಟ್ಟಿ: ತಂಪು ಮತ್ತು ಗಂಧ

ಲಾವಂಚದ ಬೇರಿಗೆ ಸಂಸ್ಕೃತದಲ್ಲಿ ಉಶೀರವೆಂದು ಹೆಸರು. ಉತ್ತರ ಭಾರತದಲ್ಲಿ ಅದೇ ಖಸ್. ಕಾಳಿದಾಸನ ‘ಅಭಿಜ್ಞಾನ ಶಾಕುಂತಲ’ದ ಮೂರನೆಯ ಅಂಕದಲ್ಲಿ ತಾಪದಿಂದ ಬಳಲಿದ ಶಕುಂತಲೆಗೆಂದು ಪ್ರಿಯಂವದೆ ಕೊಂಡೊಯ್ಯುವುದು ಉಶೀರದ ಲೇಪವನ್ನೇ. ಹೀಗೆ ಮೈಗೆ ಹಚ್ಚುತ್ತಿದ್ದ ಬೇರು ಮೊಗಲರ ಕಾಲಕ್ಕೆ ಮನೆಯ ಗೋಡೆಯೂ ಆಯಿತು. ಬಿದಿರಿನ ಚೌಕಟ್ಟಿಗೆ ಬೇರನ್ನು ತುಂಬಿ ನೀರೆರಚುವ ‘ಖಸ್‌ಖಾನಾ’ವನ್ನು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ವರ್ಣಿಸುತ್ತದೆ. ಮುಂದೆ ಬ್ರಿಟಿಷರ ಬಂಗಲೆಗಳ ಬಾಗಿಲು, ಕಿಟಕಿಗಳಿಗೂ ಇಂತಹ ತಟ್ಟಿಗಳು ಬಂದವು. ಅವನ್ನು ತೋಯಿಸಲು ಆಳುಗಳಿದ್ದರು.

ತಟ್ಟಿಯ ತಂಪು ಬೇರಿನದಲ್ಲ, ನೀರಿನದು. ಒಣಗಾಳಿ ಒದ್ದೆ ಬೇರುಗಳ ನಡುವೆ ಹಾಯುವಾಗ ನೀರು ಆವಿಯಾಗಿ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಆದುದರಿಂದಲೇ ‘ಲೂ’ ಬೀಸುವ ಉತ್ತರದ ಬಯಲಿನಲ್ಲಿ ಅದು ಫಲಿಸಿತು. ಗಾಳಿ ಮೊದಲೇ ತೇವವಾಗಿರುವ ಕರಾವಳಿಯಲ್ಲಿ ನೀರು ಆರುವುದು ನಿಧಾನ. ಅಲ್ಲಿ ಉಳಿಯುವುದು ಬಹುಮಟ್ಟಿಗೆ ಪರಿಮಳ ಮಾತ್ರ.

ಆ ಪರಿಮಳ ಮೊದಲ ಮಳೆಗೆ ನೆನೆದ ಮಣ್ಣನ್ನು ನೆನಪಿಸುತ್ತದೆ. ಬೇರಿನ ಎಣ್ಣೆ ಭಾರವಾದದ್ದು, ಸುಲಭವಾಗಿ ಆವಿಯಾಗದು. ಕನೌಜಿನ ಗಂಧಿಗರು ತಾಮ್ರದ ‘ದೇಗ್’ನಲ್ಲಿ ಬೇರನ್ನು ನೀರಿನೊಡನೆ ದೀರ್ಘಕಾಲ ಕುದಿಸಿ, ಆವಿಯನ್ನು ಬಿದಿರಿನ ಕೊಳವೆಯ ಮೂಲಕ ‘ಭಪ್ಕಾ’ಕ್ಕೆ ಹಾಯಿಸಿ ಅದನ್ನು ಇಳಿಸುತ್ತಾರೆ. ಈ ‘ರೂಹ್ ಖಸ್’ನ ಹಸಿರು ಛಾಯೆ ಬೇರಿನದಲ್ಲ, ಪಾತ್ರೆಯ ತಾಮ್ರದ್ದು. ಖಸ್ ಶರಬತ್ತಿನ ಕಡುಹಸಿರಾದರೋ ಸಾಮಾನ್ಯವಾಗಿ ಬೆರೆಸಿದ ಬಣ್ಣ; ಮನೆಯಲ್ಲಿ ಬೇರನ್ನು ನೆನೆಹಾಕಿದ ಕುಡಿಯುವ ನೀರಿಗೆ ಆ ಹಸಿರು ಬರುವುದೇ ಇಲ್ಲ.